ಜಂಟಿ ಉತ್ಪನ್ನಗಳು ಮತ್ತು ಉಪ ಉತ್ಪನ್ನಗಳು

ಜಂಟಿ ಉತ್ಪನ್ನಗಳು ಎಂದರೆ ಒಂದೇ ಕಚ್ಚಾವಸ್ತುವಿನಿಂದ, ಒಂದೇ ಸಂಸ್ಕರಣೆಯಲ್ಲಿ ಅನಿವಾರ್ಯವಾಗಿ ಒಟ್ಟಿಗೆ ದೊರೆಯುವ, ಗಣನೀಯ ಮಾರಾಟ ಮೌಲ್ಯವುಳ್ಳ ಎರಡು ಅಥವಾ ಹೆಚ್ಚು ಉತ್ಪನ್ನಗಳು. ಅವುಗಳ ಜೊತೆಗೆ ದೊರೆಯುವ, ಹೋಲಿಕೆಯಲ್ಲಿ ಅಲ್ಪ ಮೌಲ್ಯದ ವಸ್ತುವನ್ನು ಉಪ ಉತ್ಪನ್ನ ಎನ್ನುತ್ತಾರೆ. ಉತ್ಪನ್ನಗಳು ಪ್ರತ್ಯೇಕವಾಗಿ ಗುರುತಿಸಲ್ಪಡುವ ಹಂತವು ವಿಭಜನಾ ಬಿಂದು. ಅಲ್ಲಿಯವರೆಗಿನ ಖರ್ಚು ಜಂಟಿ ವೆಚ್ಚವೆನಿಸುತ್ತದೆ.

ವ್ಯತ್ಯಾಸ

ಈ ವರ್ಗೀಕರಣಕ್ಕೆ ವಸ್ತುವಿನ ಗುಣವಲ್ಲ, ಅದರ ಸಾಪೇಕ್ಷ ಮೌಲ್ಯವೇ ಆಧಾರ. ಸಕ್ಕರೆ ಕಾರ್ಖಾನೆಯಲ್ಲಿ ಕಾಕಂಬಿಯನ್ನು ಸಾಮಾನ್ಯವಾಗಿ ಉಪ ಉತ್ಪನ್ನವೆಂದು ಪರಿಗಣಿಸಲಾಗುತ್ತದೆ. ಎಥೆನಾಲ್‌ಗಾಗಿ ಬೇಡಿಕೆ ಹೆಚ್ಚಿ ಅದರ ಮೌಲ್ಯ ಗಣನೀಯವಾದಲ್ಲಿ ಈ ವರ್ಗೀಕರಣವನ್ನು ಮರುಪರಿಶೀಲಿಸಬೇಕಾಗುತ್ತದೆ. ಉಪ ಉತ್ಪನ್ನಕ್ಕೆ ಸಾಮಾನ್ಯವಾಗಿ ಜಂಟಿ ವೆಚ್ಚದ ಪಾಲನ್ನು ಹಂಚುವುದಿಲ್ಲ. ಅದರ ನಿವ್ವಳ ಮಾರಾಟ ಮೌಲ್ಯವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಲಾಗುತ್ತದೆ.

ವೆಚ್ಚ ಹಂಚಿಕೆ: ಒಂದು ಉದಾಹರಣೆ

ಒಂದು ಡೇರಿಯು 1,000 ಕಿಲೋ ಹಾಲನ್ನು ಯಂತ್ರದಲ್ಲಿ ಬೇರ್ಪಡಿಸಿ 100 ಕಿಲೋ ಕೆನೆ ಹಾಗೂ 900 ಕಿಲೋ ಕೆನೆ ತೆಗೆದ ಹಾಲನ್ನು ಪಡೆಯುತ್ತದೆ ಎಂದುಕೊಳ್ಳೋಣ. ಹಾಲಿನ ಬೆಲೆ ಮತ್ತು ಸಂಸ್ಕರಣೆ ಸೇರಿ ಜಂಟಿ ವೆಚ್ಚ 48,000 ರೂಪಾಯಿ. ಕೆನೆಯ ಬೆಲೆ ಕಿಲೋಗೆ 240, ಕೆನೆ ತೆಗೆದ ಹಾಲಿನದು 40 ರೂಪಾಯಿ.

| | ಕೆನೆ (ರೂ.) | ಕೆನೆ ತೆಗೆದ ಹಾಲು (ರೂ.) |
|---|---|---|
| ಮಾರಾಟ ಮೌಲ್ಯ | 24,000 | 36,000 |
| ತೂಕದ ಆಧಾರದ ವೆಚ್ಚ | 4,800 | 43,200 |
| ಮೌಲ್ಯದ ಆಧಾರದ ವೆಚ್ಚ | 19,200 | 28,800 |

ತೂಕದ ಆಧಾರದಲ್ಲಿ ಹಂಚಿದಾಗ ಕೆನೆ ತೆಗೆದ ಹಾಲು 7,200 ರೂಪಾಯಿ ನಷ್ಟ ತೋರಿಸುತ್ತದೆ. ಆದರೆ ಅದರ ಮಾರಾಟವನ್ನು ನಿಲ್ಲಿಸಿದರೆ 36,000 ರೂಪಾಯಿ ಆದಾಯ ತಪ್ಪುತ್ತದೆ, 48,000 ರೂಪಾಯಿ ವೆಚ್ಚ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಆ ನಷ್ಟವು ಹಂಚಿಕೆಯ ವಿಧಾನದಿಂದ ಹುಟ್ಟಿದ್ದು. ಮಾರಾಟ ಮೌಲ್ಯದ ಅನುಪಾತದಲ್ಲಿ (40:60) ಹಂಚಿದರೆ ಎರಡೂ ಉತ್ಪನ್ನಗಳು ಶೇ. 20ರಷ್ಟು ಸಮಾನ ಲಾಭಾಂಶ ತೋರಿಸುತ್ತವೆ. ವಿಭಜನಾ ಬಿಂದುವಿನಲ್ಲಿ ಮಾರುಕಟ್ಟೆ ಬೆಲೆಯೇ ಇಲ್ಲದ ಉತ್ಪನ್ನಕ್ಕೆ, ಅಂತಿಮ ಬೆಲೆಯಿಂದ ಮುಂದಿನ ಸಂಸ್ಕರಣೆ ಹಾಗೂ ಮಾರಾಟದ ಖರ್ಚನ್ನು ಕಳೆದು ಬರುವ ಮೊತ್ತವನ್ನು ಆಧಾರವಾಗಿ ಬಳಸುತ್ತಾರೆ.

ಮುಂದಿನ ಸಂಸ್ಕರಣೆಯ ನಿರ್ಧಾರ

ಅದೇ ಕೆನೆಯಿಂದ 4,000 ರೂಪಾಯಿ ಹೆಚ್ಚುವರಿ ಖರ್ಚಿನಲ್ಲಿ 38 ಕಿಲೋ ತುಪ್ಪ ತಯಾರಿಸಿ, ಕಿಲೋಗೆ 700ರಂತೆ 26,600 ರೂಪಾಯಿಗೆ ಮಾರಬಹುದು ಎಂದಿಟ್ಟುಕೊಂಡರೆ, ಹಂಚಿಕೆಯಾದ 19,200 ರೂಪಾಯಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ 3,400 ರೂಪಾಯಿ ಲಾಭ ಕಾಣುತ್ತದೆ. ವಾಸ್ತವವಾಗಿ ಕೆನೆಯನ್ನು ಹಾಗೆಯೇ ಮಾರಿದರೆ 4,800 ರೂಪಾಯಿ ಲಾಭವಿತ್ತು. ತುಪ್ಪದಿಂದ ಹೆಚ್ಚುವ ಆದಾಯ 2,600 ಮಾತ್ರ, ಹೆಚ್ಚುವ ಖರ್ಚು 4,000. ಅಂದರೆ ಡೇರಿಗೆ 1,400 ರೂಪಾಯಿ ಕಡಿಮೆ ಬರುತ್ತದೆ.

ಜಂಟಿ ವೆಚ್ಚವನ್ನು ಯಾವ ವಿಧಾನದಿಂದ ಹಂಚಿದರೂ ಈ ವ್ಯತ್ಯಾಸ ಬದಲಾಗುವುದಿಲ್ಲ. ಹಂಚಿಕೆಯು ದಾಸ್ತಾನಿನ ಮೌಲ್ಯಮಾಪನಕ್ಕೆ ಹಾಗೂ ಲಾಭದ ಲೆಕ್ಕಕ್ಕೆ ಅಗತ್ಯ. ಮುಂದಿನ ಸಂಸ್ಕರಣೆಯ ನಿರ್ಧಾರದಲ್ಲಿ ಮಾತ್ರ ವಿಭಜನಾ ಬಿಂದುವಿನ ನಂತರದ ಆದಾಯ ಮತ್ತು ಖರ್ಚುಗಳನ್ನಷ್ಟೇ ಹೋಲಿಸಬೇಕು.