ಲಟ್–ಲಙ್ ಪ್ರತ್ಯಯಗಳು

ಪರಸ್ಮೈಪದಿ ಧಾತುಗಳ ವರ್ತಮಾನ (ಲಟ್) ಮತ್ತು ಭೂತ (ಲಙ್) ರೂಪಗಳನ್ನು ಶಾಲೆಗಳಲ್ಲಿ ಒಂಬತ್ತೊಂಬತ್ತು ಮನೆಗಳ ಎರಡು ಪಟ್ಟಿಗಳಾಗಿ ಬಾಯಿಪಾಠ ಮಾಡಿಸುವುದುಂಟು. ಆದರೆ ಎರಡನೆಯದು ಹೆಚ್ಚುಪಾಲು ಮೊದಲನೆಯದರಿಂದಲೇ ಹುಟ್ಟುತ್ತದೆ. ಧಾತುವಿನ ಆದಿಯಲ್ಲಿ ‘ಅ’ ಸೇರಿಸಿ ಪ್ರತ್ಯಯದ ಕೊನೆಯ ಇಕಾರವನ್ನು ಬಿಟ್ಟರೆ ಪಠತಿ ‘ಅಪಠತ್’ ಆಗುತ್ತದೆ, ಪಠಸಿ ‘ಅಪಠಃ’ ಆಗುತ್ತದೆ. ಪಠಂತಿಯಲ್ಲಿ ಉಳಿದ ತಕಾರವೂ ಬಿದ್ದು ‘ಅಪಠನ್’. ಪಠಾವಃ, ಪಠಾಮಃ ವಿಸರ್ಗ ಕಳೆದುಕೊಂಡು ‘ಅಪಠಾವ’, ‘ಅಪಠಾಮ’.

ಉಳಿದ ನಾಲ್ಕು ಈ ದಾರಿಗೆ ಬರುವುದಿಲ್ಲವಲ್ಲ ಎಂಬ ಆಕ್ಷೇಪ ನಿಜ: ಪಠತಃ–ಅಪಠತಾಮ್, ಪಠಥಃ–ಅಪಠತಮ್, ಪಠಥ–ಅಪಠತ, ಪಠಾಮಿ–ಅಪಠಮ್. ಆದರೆ ಪಾಣಿನಿಯೂ ಇದೇ ನಾಲ್ಕನ್ನು ಒಂದೇ ಸೂತ್ರದಲ್ಲಿ ಬೇರೆಯಾಗಿ ಹೇಳಿದ್ದಾನೆ. ಬಾಯಿಪಾಠ ಬೇಕಾದುದು ಇಷ್ಟಕ್ಕೇ. ಪೂರ್ತಿ ಪಟ್ಟಿ ಉರುಹೊಡೆದರೆ ಪರೀಕ್ಷೆಯಲ್ಲಿ ಬೇಗ ಬರೆಯಬಹುದು ಎನ್ನುವವರಿದ್ದಾರೆ. ಆದರೆ ಕಾರಣ ತಿಳಿಯದವನು ತಪ್ಪನ್ನು ಗುರುತಿಸಲಾರ. ಕನ್ನಡ ಲಿಪಿಯಲ್ಲಿ ಅಪಠತ್ ಎಂಬುದರ ಹಲಂತಚಿಹ್ನೆ ಬಿಟ್ಟುಹೋದರೆ ‘ಅವನು ಓದಿದನು’ ಎಂಬುದು ‘ನೀವು ಓದಿದಿರಿ’ ಎಂದಾಗುತ್ತದೆ. ಕನ್ನಡದ ರೂಪಗಳಿಗೆ ಇವು ಒಂದಕ್ಕೊಂದು ಹೊಂದುವುದೂ ಇಲ್ಲ: ಕನ್ನಡದ ಓದಿದನು, ಓದಿದಳು ಎರಡಕ್ಕೂ ಅಪಠತ್ ಒಂದೇ. ದ್ವಿವಚನವಂತೂ ಕನ್ನಡ ಕ್ರಿಯಾಪದದಲ್ಲಿಲ್ಲ. ಮಕ್ಕಳು ‘ತೌ ಅಪಠನ್’ ಎಂದು ಬರೆಯುವುದು ಅದರಿಂದಲೇ. ಸರಿಯಾದದ್ದು ‘ತೌ ಅಪಠತಾಮ್’.