ಕೊಲ್ಲಿಯ ರಿಯಾಲ್ ಖಜೂರಿಯ ರೂಪಾಯಿ ಆಗುವಾಗ ಸೋರುವುದೆಷ್ಟು?

ಆಳಂದ: ಸೌದಿ ಅರೇಬಿಯದಲ್ಲಿ ದುಡಿಯುವ ಮಗ 2,000 ರಿಯಾಲ್ ಕಳುಹಿಸಿದ್ದಾಗಿ ದೂರವಾಣಿಯಲ್ಲಿ ಹೇಳುತ್ತಾನೆ. ಎರಡು ದಿನ ಕಳೆದು ತಂದೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡಾಗ, ಪತ್ರಿಕೆಯಲ್ಲಿ ಕಂಡ ದರದ ಲೆಕ್ಕಕ್ಕಿಂತ ಸಾವಿರ ರೂಪಾಯಿಯಷ್ಟು ಕಡಿಮೆ ಜಮೆಯಾಗಿರುತ್ತದೆ. ಯಾರೂ ಕದ್ದಿಲ್ಲ, ಲೆಕ್ಕವೂ ತಪ್ಪಿಲ್ಲ. ಆ ಹಣ ದಾರಿಯಲ್ಲಿ ಎರಡು ಕಡೆ ಕಡಿತಗೊಂಡಿದೆ. ಒಂದು, ರಸೀದಿಯಲ್ಲಿ ಕಾಣುವ ರವಾನೆ ಶುಲ್ಕ. ಇನ್ನೊಂದು, ರಸೀದಿಯಲ್ಲಿ ಎಲ್ಲೂ ನಮೂದಾಗದ ದರದ ಅಂತರ. ಮಹಾರಾಷ್ಟ್ರದ ಗಡಿಗೆ ಸಮೀಪದ ಖಜೂರಿಯ ಕುಟುಂಬವೊಂದನ್ನು ಉದಾಹರಣೆಯಾಗಿಟ್ಟುಕೊಂಡು ಈ ಎರಡೂ ಕಡಿತಗಳನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ನಿಜವಾದ ದರ ಯಾವುದು?

ಸೌದಿ ರಿಯಾಲ್‌ನ ವಿಷಯದಲ್ಲಿ ಇದನ್ನು ತಿಳಿಯುವುದು ಸುಲಭ. 1986ರಿಂದಲೂ ಒಂದು ಅಮೆರಿಕನ್ ಡಾಲರ್‌ಗೆ 3.75 ರಿಯಾಲ್ ಎಂಬ ದರವನ್ನು ಆ ದೇಶ ಸ್ಥಿರವಾಗಿ ಉಳಿಸಿಕೊಂಡಿದೆ. ಆದ್ದರಿಂದ ರೂಪಾಯಿ ಎದುರು ರಿಯಾಲ್ ಏರುವುದೂ ಇಳಿಯುವುದೂ ಡಾಲರ್‌ನ ಜೊತೆಯಲ್ಲೇ. ಆ ದಿನದ ಡಾಲರ್ ದರವನ್ನು 3.75ರಿಂದ ಭಾಗಿಸಿದರೆ ಬರುವುದೇ ರಿಯಾಲ್‌ನ ಮಾರುಕಟ್ಟೆ ದರ. ಲೆಕ್ಕದ ಅನುಕೂಲಕ್ಕಾಗಿ ಡಾಲರ್‌ಗೆ 90 ರೂ. ಎಂದಿಟ್ಟುಕೊಂಡರೆ ರಿಯಾಲ್‌ಗೆ ಸರಿಯಾಗಿ 24 ರೂ. ಆಗುತ್ತದೆ.

ಯುಎಇಯಲ್ಲಿರುವವರು ಇದೇ ರೀತಿ 3.6725ರಿಂದ ಭಾಗಿಸಿ ದಿರ್ಹಾಮ್‌ನ ದರ ಕಂಡುಕೊಳ್ಳಬಹುದು. ಕುವೈತ್‌ನವರಿಗೆ ಮಾತ್ರ ಈ ಉಪಾಯ ಒದಗದು. ಅಲ್ಲಿನ ದಿನಾರ್ 2007ರಿಂದ ಡಾಲರ್ ಒಂದಕ್ಕೇ ಅಲ್ಲ, ಹಲವು ನಾಣ್ಯಗಳ ಸಮೂಹಕ್ಕೆ ಹೊಂದಿಕೊಂಡಿದೆ.

ಮಾರುಕಟ್ಟೆ ದರ 24 ರೂ. ಇದ್ದರೂ ವಿನಿಮಯ ಸಂಸ್ಥೆ ಗ್ರಾಹಕನಿಗೆ ಅಷ್ಟನ್ನೇ ಕೊಡುವುದಿಲ್ಲ. ಭಾರತದ ಬ್ಯಾಂಕಿನಲ್ಲಿ ಅದು ಮೊದಲೇ ರೂಪಾಯಿ ಖಾತೆ ತೆರೆದು ಹಣ ತುಂಬಿಟ್ಟಿರುತ್ತದೆ. ಗ್ರಾಹಕ ರಿಯಾಲ್ ಕೊಟ್ಟ ಕೂಡಲೇ ಆ ಖಾತೆಯಿಂದ ಖಜೂರಿಯ ಖಾತೆಗೆ ರೂಪಾಯಿ ಪಾವತಿಯಾಗುತ್ತದೆ. ಈ ಬಂಡವಾಳದ ವೆಚ್ಚ, ದರ ಏರಿಳಿತದ ಅಪಾಯ ಹಾಗೂ ಲಾಭ ಮೂರನ್ನೂ ಸಂಸ್ಥೆ ದರದೊಳಗೇ ಸೇರಿಸಿಕೊಳ್ಳುತ್ತದೆ. ಮಾರುಕಟ್ಟೆ ದರಕ್ಕೂ ಗ್ರಾಹಕನಿಗೆ ಸಿಗುವ ದರಕ್ಕೂ ಇರುವ ವ್ಯತ್ಯಾಸವೇ ದರದ ಅಂತರ.

ಎರಡು ಕೌಂಟರ್, ಒಂದೇ ಹಣ

ಖಜೂರಿಯ ಚಾಲಕನೊಬ್ಬ ರಿಯಾದ್‌ನಲ್ಲಿ ಸಂಬಳದಿಂದ 2,000 ರಿಯಾಲ್ ಎತ್ತಿಟ್ಟಿದ್ದಾನೆ ಎಂದುಕೊಳ್ಳೋಣ. ಮಾರುಕಟ್ಟೆ ದರದಲ್ಲಿ ಇದರ ಬೆಲೆ 48,000 ರೂ.

ಮೊದಲನೆಯ ಕೌಂಟರ್‌ನಲ್ಲಿ 16 ರಿಯಾಲ್ ಶುಲ್ಕವಿದೆ. ಸೌದಿಯಲ್ಲಿ 2020ರ ಜುಲೈಯಿಂದ ಮೌಲ್ಯವರ್ಧಿತ ತೆರಿಗೆ ಶೇ 15 ಇರುವುದರಿಂದ ಶುಲ್ಕದ ಮೇಲೆ ಮತ್ತೆ 2.40 ರಿಯಾಲ್ ತೆರಬೇಕು. ಒಟ್ಟು 18.40 ರಿಯಾಲ್ ಕಳೆದು 1,981.60 ಉಳಿಯಿತು. ದರ 23.76 ರೂ., ಅಂದರೆ ಮಾರುಕಟ್ಟೆಗಿಂತ ಶೇ 1ರಷ್ಟು ಕಡಿಮೆ. ಊರಿನ ಖಾತೆಗೆ ಜಮೆಯಾಗುವುದು 47,082.82 ರೂ. ಕಡಿತವಾದ 917.18 ರೂ.ಯಲ್ಲಿ ಶುಲ್ಕ ಹಾಗೂ ತೆರಿಗೆಯ ಪಾಲು 441.60 ರೂ. ಉಳಿದ 475.58 ರೂ. ದರದ ಅಂತರಕ್ಕೆ ಹೋಯಿತು. ಕಣ್ಣಿಗೆ ಕಾಣುವ ಕಡಿತಕ್ಕಿಂತ ಕಾಣದ ಕಡಿತವೇ ಹೆಚ್ಚು.

ಎರಡನೆಯ ಕೌಂಟರ್‌ನಲ್ಲಿ ‘ಶುಲ್ಕವಿಲ್ಲ’ ಎಂಬ ಫಲಕವಿದೆ. ದರ ಮಾತ್ರ 23.40 ರೂ. ಜಮೆಯಾಗುವುದು 46,800 ರೂ. ಉಚಿತವೆಂದು ಹೇಳಿದ ಸೇವೆಗೆ 1,200 ರೂ. ತೆತ್ತಂತಾಯಿತು. ಶುಲ್ಕ ಪಡೆದ ಕೌಂಟರ್‌ಗಿಂತ ಇದು 282.82 ರೂ. ದುಬಾರಿ.

ಹಾಗೆಂದು ಶುಲ್ಕವಿಲ್ಲದ ಕೌಂಟರ್ ಯಾವಾಗಲೂ ನಷ್ಟದ್ದಲ್ಲ. ಅದೇ ಚಾಲಕ 500 ರಿಯಾಲ್ ಮಾತ್ರ ಕಳುಹಿಸಿದರೆ ಮೊದಲನೆಯ ಕಡೆ 11,442.82 ರೂ., ಎರಡನೆಯ ಕಡೆ 11,700 ರೂ. ಸಿಗುತ್ತದೆ. ಶುಲ್ಕವು ಮೊತ್ತ ಎಷ್ಟೇ ಇರಲಿ ಒಂದೇ ಆಗಿರುತ್ತದೆ. ದರದ ಅಂತರವಾದರೋ ಮೊತ್ತದೊಂದಿಗೆ ಬೆಳೆಯುತ್ತದೆ. ಈ ಉದಾಹರಣೆಯಲ್ಲಿ ಸುಮಾರು 1,214 ರಿಯಾಲ್‌ವರೆಗೆ ಶುಲ್ಕವಿಲ್ಲದ ಕೌಂಟರ್ ಲಾಭ, ಅದಕ್ಕಿಂತ ಮೇಲೆ ಶುಲ್ಕವಿರುವ ಕೌಂಟರ್ ಲಾಭ. ಫಲಕ ನೋಡಿ ನಿರ್ಧರಿಸುವ ಬದಲು ‘ಇಷ್ಟು ರಿಯಾಲ್ ಕೊಟ್ಟರೆ, ಎಲ್ಲ ಕಳೆದು, ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಎರಡೂ ಕಡೆ ಕೇಳುವುದು ಸರಿಯಾದ ಕ್ರಮ.

ಎರಡು ತಿಂಗಳಿಗೊಮ್ಮೆ ಕಳುಹಿಸಿದರೆ?

ಶುಲ್ಕ ಪ್ರತಿ ರವಾನೆಗೂ ಬೀಳುವುದರಿಂದ ರವಾನೆಗಳ ಸಂಖ್ಯೆ ಇಳಿಸಿದರೆ ಉಳಿತಾಯವಿದೆ. ಮೊದಲನೆಯ ಕೌಂಟರ್‌ನಲ್ಲಿ ತಿಂಗಳಿಗೊಮ್ಮೆ ಕಳುಹಿಸುವ ಬದಲು ಎರಡು ತಿಂಗಳ ಹಣ ಕೂಡಿಸಿ ಕಳುಹಿಸಿದರೆ ವರ್ಷಕ್ಕೆ ಆರು ಶುಲ್ಕ, ಅಂದರೆ ಸುಮಾರು 2,650 ರೂ. ಮಿಗುತ್ತದೆ. ದರದ ಅಂತರ ಮಾತ್ರ ಇದರಿಂದ ಕಡಿಮೆಯಾಗದು.

ಆದರೆ ಈ ಲೆಕ್ಕ ಊರಿನ ಪರಿಸ್ಥಿತಿಗೆ ಹೊಂದಬೇಕು. ಹಣ ಬರುವುದು ತಡವಾಯಿತೆಂದು ಮನೆಯವರು ತೊಗರಿ ಬಿತ್ತನೆಗೆ 20,000 ರೂ. ಕೈಸಾಲ ತಂದರೆನ್ನಿ. ನೂರಕ್ಕೆ ತಿಂಗಳಿಗೆ 3 ರೂ. ಬಡ್ಡಿಯಾದರೆ ಒಂದೇ ತಿಂಗಳಿಗೆ 600 ರೂ. ಆಗುತ್ತದೆ. 441.60 ರೂ. ಶುಲ್ಕ ಉಳಿಸಲು ಹೋಗಿ 600 ರೂ. ಬಡ್ಡಿ ಕಟ್ಟಿದಂತಾಗುತ್ತದೆ. ಸಾಲದ ಅಗತ್ಯವಿಲ್ಲದ ಮನೆಗೆ ಮಾತ್ರ ಕೂಡಿಸಿ ಕಳುಹಿಸುವ ಕ್ರಮ ಲಾಭದಾಯಕ.

ಬ್ಯಾಂಕಿನಿಂದ ಬ್ಯಾಂಕಿಗೆ ಬಂದಾಗ

ವಿನಿಮಯ ಸಂಸ್ಥೆಯ ಬದಲು ವಿದೇಶದ ಬ್ಯಾಂಕಿನಿಂದ ನೇರವಾಗಿ ವಿದೇಶಿ ನಾಣ್ಯದಲ್ಲಿ ಹಣ ಬಂದರೆ ಕಡಿತದ ಜಾಗಗಳು ಬದಲಾಗುತ್ತವೆ. ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಮೊತ್ತದಿಂದಲೇ ಮುರಿದುಕೊಳ್ಳಬಹುದು. ರೂಪಾಯಿಗೆ ಪರಿವರ್ತನೆ ಆಗುವುದು ಭಾರತದ ಬ್ಯಾಂಕಿನಲ್ಲಿ, ಆ ಬ್ಯಾಂಕಿನ ಖರೀದಿ ದರದಲ್ಲಿ. ಪರಿವರ್ತನೆ ಸೇವೆಗೆ ಜಿಎಸ್‌ಟಿಯೂ ಉಂಟು. 1 ಲಕ್ಷ ರೂ.ವರೆಗಿನ ಮೊತ್ತಕ್ಕೆ ಅದರ ಶೇ 1ರಷ್ಟನ್ನು, ಕನಿಷ್ಠ 250 ರೂ.ಯನ್ನು, ಸೇವೆಯ ಮೌಲ್ಯವೆಂದು ಪರಿಗಣಿಸಿ ಅದರ ಮೇಲೆ ಶೇ 18 ವಿಧಿಸಲಾಗುತ್ತದೆ. 48,000 ರೂ.ಗೆ ಇದು 86.40 ರೂ. ತೆರಿಗೆ ಚಿಕ್ಕದು, ಬ್ಯಾಂಕಿನ ಖರೀದಿ ದರವನ್ನೇ ಮೊದಲು ವಿಚಾರಿಸಬೇಕು.

ರಸೀದಿಯಲ್ಲಿ ನೋಡಬೇಕಾದ್ದು

ಕೊಟ್ಟ ರಿಯಾಲ್ ಎಷ್ಟು, ನಿಗದಿಯಾದ ದರ ಎಷ್ಟು, ಜಮೆಯಾಗಬೇಕಾದ ರೂಪಾಯಿ ಎಷ್ಟು ಎಂಬ ಮೂರು ಅಂಕಿಗಳು ರಸೀದಿಯಲ್ಲಿರಬೇಕು. ಅದರ ಚಿತ್ರವನ್ನು ಮಗ ಮೊಬೈಲ್‌ನಲ್ಲಿ ಮನೆಗೆ ಕಳುಹಿಸಿದರೆ ಪಾಸ್‌ಬುಕ್‌ನೊಂದಿಗೆ ತಾಳೆ ನೋಡಬಹುದು. ರೂಪಾಯಿ ಮೊತ್ತ ಎರಡರಲ್ಲೂ ಒಂದೇ ಇದ್ದರೆ ನಷ್ಟವೆಲ್ಲ ಶುಲ್ಕ ಮತ್ತು ದರದಲ್ಲಿ ಆಗಿದೆ ಎಂದರ್ಥ. ಪಾಸ್‌ಬುಕ್‌ನಲ್ಲಿ ಕಡಿಮೆ ಇದ್ದರೆ ದಾರಿಯಲ್ಲಿ ಬೇರೆಯವರು ಕಡಿತ ಮಾಡಿದ್ದಾರೆ. ಆಗ ರಸೀದಿಯ ಉಲ್ಲೇಖ ಸಂಖ್ಯೆಯೊಂದಿಗೆ ಮೊದಲು ಕಳುಹಿಸಿದ ಸಂಸ್ಥೆಯನ್ನು ವಿಚಾರಿಸಬೇಕು. ಖಾತೆಯ ಹೆಸರು ಅಥವಾ ಸಂಖ್ಯೆ ತಪ್ಪಿ ಹಣ ಹಿಂದಿರುಗಿದರೆ ರೂಪಾಯಿಯಿಂದ ರಿಯಾಲ್‌ಗೆ ಮತ್ತೊಮ್ಮೆ ಪರಿವರ್ತನೆಯಾಗಿ ಎರಡನೆಯ ಸಲ ದರದ ಅಂತರ ತೆರಬೇಕಾಗಬಹುದು.

ಹವಾಲಾದವರು ಇವೆಲ್ಲಕ್ಕಿಂತ ಒಳ್ಳೆಯ ದರ ಹೇಳುವುದುಂಟು. ಆದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಅದು ಕಾನೂನುಬಾಹಿರ. ಅಲ್ಲಿ ರಸೀದಿ ಇರುವುದಿಲ್ಲ. ಹಣ ತಲುಪದಿದ್ದರೆ ತೋರಿಸಲು ಖಜೂರಿಯ ತಂದೆಯ ಕೈಯಲ್ಲಿ ಒಂದು ಚೀಟಿಯೂ ಉಳಿಯುವುದಿಲ್ಲ.