ಕಿವಿಯ ಹಿಂಬಾಗಿಲಿನ ಕಥೆ

ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರು ಊರಿಗೆ ಹೋಗುವ ರೀತಿ ಬದಲಾಗುತ್ತಲೇ ಬಂದಿದೆ. ಮೊದಲು ರಾತ್ರಿ ಬಸ್ಸು, ಆಮೇಲೆ ರೈಲು, ಈಗ ವಿಮಾನ. ಬದಲಾಗದೆ ಉಳಿದದ್ದು ಒಂದೇ, ಕಿವಿ ಕಟ್ಟಿಕೊಳ್ಳುವುದು. ಖಂಡಾಲಾ ಘಾಟಿಯಲ್ಲೂ ಕಟ್ಟುತ್ತದೆ, ವಿಮಾನ ಇಳಿಯುವಾಗಲೂ ಕಟ್ಟುತ್ತದೆ, ನೆಗಡಿಯಾದರೆ ಮನೆಯಲ್ಲಿ ಕೂತಲ್ಲೇ ಕಟ್ಟುತ್ತದೆ. ಮೂರಕ್ಕೂ ಕಾರಣ ಒಂದೇ ಸಣ್ಣ ಕೊಳವೆ. ಅದನ್ನು ಅರಿಯಲು ಮನುಷ್ಯ ತೆಗೆದುಕೊಂಡ ಕಾಲ ಮಾತ್ರ ಎರಡು ಸಾವಿರ ವರ್ಷಕ್ಕೂ ಹೆಚ್ಚು. ನಾನು ಬಿಕಾಂ ಓದಿ ಬ್ಯಾಂಕು ಸೇರಿದವನು, ಆದರೆ ಈ ಕಥೆ ಓದಿದ ಮೇಲೆ ನಿಮಗೂ ಹೇಳಬೇಕೆನಿಸಿತು.

ಗ್ರೀಕ್ ವೈದ್ಯ ಆಲ್ಕ್‌ಮೆಯಾನ್ ಆಡುಗಳು ಕಿವಿಯಿಂದ ಉಸಿರಾಡುತ್ತವೆ ಎಂದಿದ್ದನಂತೆ. ಅರಿಸ್ಟಾಟಲ್ ಅದನ್ನು ತಪ್ಪೆಂದು ತಳ್ಳಿಹಾಕಿದ, ಆದರೆ ಕಿವಿಯಿಂದ ಬಾಯಿಯ ಮೇಲ್ಭಾಗಕ್ಕೆ ಒಂದು ದಾರಿ ಇದೆ ಎಂದು ತಾನೂ ಬರೆದ. ಆ ದಾರಿಯನ್ನು ಸರಿಯಾಗಿ ಬಿಡಿಸಿ ವಿವರಿಸಿದವನು ರೋಮ್ ನಗರದ ಅಂಗರಚನಾ ತಜ್ಞ ಬಾರ್ತೊಲೊಮೆಯೊ ಯುಸ್ಟೇಶಿ. ಕೇಳುವ ಅಂಗಗಳ ಬಗ್ಗೆ ಅವನು 1562ರಲ್ಲಿ ಬರೆದದ್ದು 1564ರಲ್ಲಿ ಪುಸ್ತಕದಲ್ಲಿ ಸೇರಿ ಅಚ್ಚಾಯಿತು. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆ ಇದೆ. ಅಲ್ಲಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಕೊಳವೆಯೊಂದು ಹೊರಟು ಮೂಗಿನ ಹಿಂಭಾಗದಲ್ಲಿ ತೆರೆದುಕೊಳ್ಳುತ್ತದೆ. ಇದೇ ಯುಸ್ಟೇಶಿಯನ್ ನಾಳ. ಈ ಹೆಸರು ಬಳಕೆಗೆ ತಂದವನು ಇಟಲಿಯ ಇನ್ನೊಬ್ಬ ವೈದ್ಯ, ಅಂತೋನಿಯೊ ವಲ್ಸಾಲ್ವಾ.

ಈ ವಲ್ಸಾಲ್ವಾನನ್ನು ನಾವೆಲ್ಲ ಗೊತ್ತಿಲ್ಲದೆಯೇ ನೆನೆಯುತ್ತೇವೆ. ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿನಿಂದ ಗಾಳಿ ಊದಿ ಕಿವಿ ಬಿಡಿಸಿಕೊಳ್ಳುತ್ತೇವಲ್ಲ, ಅದಕ್ಕೆ ಅವನದೇ ಹೆಸರು. 1704ರಲ್ಲಿ ಅವನು ಈ ವಿಧಾನ ಬರೆದಾಗ ವಿಮಾನವೂ ಇರಲಿಲ್ಲ, ಬಲೂನೂ ಇರಲಿಲ್ಲ. ಕಿವಿ ಸೋರುವವರ ಕೀವನ್ನು ಒಳಗಿನಿಂದ ಹೊರಕ್ಕೆ ತಳ್ಳಲು ಅವನು ಸೂಚಿಸಿದ ಉಪಾಯ ಅದು.

ಎತ್ತರಕ್ಕೂ ಕಿವಿಗೂ ನಂಟಿದೆಯೆಂದು ಮನುಷ್ಯ ಗಾಳಿಯಲ್ಲಿ ಅನುಭವಿಸಿದ್ದು 1783ರ ಡಿಸೆಂಬರ್ 1ರಂದು. ಪ್ಯಾರಿಸ್ಸಿನಲ್ಲಿ ಜಾಕ್ ಚಾರ್ಲ್ಸ್ ತನ್ನ ಜೊತೆಗಾರನೊಂದಿಗೆ ಹೈಡ್ರೋಜನ್ ಬಲೂನು ಏರಿ, ಎರಡು ಗಂಟೆ ತೇಲಿ ಕೆಳಗಿಳಿದ. ಆಮೇಲೆ ಒಬ್ಬನೇ ಮತ್ತೆ ಏರಿದಾಗ ಹಗುರವಾದ ಬಲೂನು ಸರ್ರನೆ ಸುಮಾರು 3000 ಮೀಟರ್ ಎತ್ತರಕ್ಕೆ ಹೋಯಿತು. ಆಗ ಅವನ ಬಲಗಿವಿಯಲ್ಲಿ ವಿಪರೀತ ನೋವು ಹತ್ತಿಕೊಂಡಿತು. ಅನಿಲ ಕಾಯಿಸಿದಾಗ ಹಿಗ್ಗುವ ನಿಯಮಕ್ಕೆ ನಾವು ಶಾಲೆಯಲ್ಲಿ ಹೇಳುತ್ತಿದ್ದ ಹೆಸರು ಇದೇ ಚಾರ್ಲ್ಸನದು!

ಇಷ್ಟಾದರೂ ಮುಖ್ಯವಾದ ಪ್ರಶ್ನೆ ಉಳಿದೇ ಇತ್ತು. ಈ ಕೊಳವೆ ಸದಾ ತೆರೆದಿರುತ್ತದೆಯೋ, ಮುಚ್ಚಿರುತ್ತದೆಯೋ? ತೆರೆದೇ ಇದ್ದರೆ ಕಿವಿ ಕಟ್ಟುವುದೇ ಇಲ್ಲ. ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬೀ 1853ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಕೊಳವೆ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, ಉಗುಳು ನುಂಗುವಾಗ ಅಂಗುಳಿನ ಸ್ನಾಯುಗಳು ಎಳೆದು ಅದನ್ನು ಕ್ಷಣಕಾಲ ತೆರೆಯುತ್ತವೆ. ಮೂಗು ಹಿಡಿದು ನುಂಗಿದರೆ ಕಿವಿಯೊಳಗೆ ಆಗುವ ಬದಲಾವಣೆ ಇದನ್ನು ತೋರಿಸುತ್ತದೆ. ಬೇಕಾದರೆ ಈಗಲೇ ಮಾಡಿ ನೋಡಿ. 'ಟಕ್' ಎಂದು ಕೇಳಿಸುವುದು ಬಾಗಿಲು ತೆರೆದ ಸದ್ದು. ಟಾಯ್ನ್‌ಬೀ 1866ರಲ್ಲಿ ತೀರಿಕೊಂಡದ್ದೂ ಈ ಬಾಗಿಲಿನ ಮುಂದೆಯೇ ಎನ್ನಬಹುದು. ಕಿವಿಯಲ್ಲಿ ಗುಂಯ್‌ಗುಟ್ಟುವ ತೊಂದರೆಗೆ ಔಷಧಿ ಹುಡುಕುತ್ತಾ, ಕ್ಲೋರೋಫಾರ್ಮ್ ಆವಿ ಎಳೆದುಕೊಂಡು, ಮೂಗು ಹಿಡಿದು ಅದನ್ನು ಕಿವಿಗೆ ಊದುವ ಪ್ರಯೋಗವನ್ನು ತನ್ನ ಮೇಲೇ ಮಾಡಿಕೊಂಡು ಪ್ರಾಣ ಕಳೆದುಕೊಂಡ.

ಇನ್ನು ಲೆಕ್ಕಕ್ಕೆ ಬರೋಣ. 1937ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಮತ್ತು ಹೈಮ್ ಎಂಬ ಸಂಶೋಧಕರು ಹಾರಾಟದಲ್ಲಿ ಕಿವಿಗೆ ಏನಾಗುತ್ತದೆಂದು ಅಳೆದರು. ಮೇಲೇರುವಾಗ ಹೊರಗಿನ ಒತ್ತಡ ಇಳಿಯುತ್ತದೆ. ವ್ಯತ್ಯಾಸ ಪಾದರಸದ ಅಳತೆಯಲ್ಲಿ ಸುಮಾರು 15 ಮಿಲಿಮೀಟರ್ ಆದಾಗ ಒಳಗಿನ ಗಾಳಿ ತಾನೇ ಬಾಗಿಲು ತಳ್ಳಿಕೊಂಡು ಹೊರಬರುತ್ತದೆ. ಇಳಿಯುವಾಗ ಕಥೆಯೇ ಬೇರೆ. ಹೊರಗಿನ ಒತ್ತಡ ಬಾಗಿಲನ್ನು ಇನ್ನಷ್ಟು ಒತ್ತಿ ಮುಚ್ಚುತ್ತದೆ, ನಾವೇ ತೆರೆಯಬೇಕು. ವ್ಯತ್ಯಾಸ 80-90 ಮಿಲಿಮೀಟರ್ ದಾಟಿದರೆ ಸ್ನಾಯುಗಳ ಕೈಲೂ ಆಗುವುದಿಲ್ಲ, ಬೀಗ ಬಿದ್ದಂತೆ.

ಬೆಂಗಳೂರಿನಿಂದ ಮುಂಬಯಿಗೆ ಬರುವ ವಿಮಾನ ತೆಗೆದುಕೊಳ್ಳಿ. ಅದು ಎಷ್ಟೇ ಎತ್ತರದಲ್ಲಿ ಹಾರಲಿ, ಒಳಗಿನ ಒತ್ತಡ ಹೆಚ್ಚೆಂದರೆ 8000 ಅಡಿ ಬೆಟ್ಟದ ಮೇಲಿದ್ದಂತೆ, ಸುಮಾರು 565 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಮುಂಬಯಿ ಸಮುದ್ರಮಟ್ಟದಲ್ಲಿದೆ, ಅಲ್ಲಿ 760. ವ್ಯತ್ಯಾಸ 195. ಇಳಿಯಲು 25 ನಿಮಿಷ ಹಿಡಿದರೆ ನಿಮಿಷಕ್ಕೆ ಸುಮಾರು 8 ಮಿಲಿಮೀಟರ್. ಅಂದರೆ ಒಮ್ಮೆಯೂ ನುಂಗದೆ ನಿದ್ದೆ ಹೊಡೆದರೆ ಹನ್ನೊಂದನೆಯ ನಿಮಿಷಕ್ಕೇ ಬೀಗ ಬೀಳುತ್ತದೆ. ಗಗನಸಖಿ ಎಬ್ಬಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದೇ ಬೆಂಗಳೂರಿನಲ್ಲಿ ಇಳಿಯುವಾಗ, ಊರೇ 3000 ಅಡಿ ಎತ್ತರದಲ್ಲಿರುವುದರಿಂದ, ವ್ಯತ್ಯಾಸ ಸುಮಾರು 115 ಮಾತ್ರ. ಊರಿಗೆ ಹೋಗುವಾಗ ಹಗುರ, ಹಿಂದಿರುಗುವಾಗ ನೋವು! ನಮ್ಮ ಮನಸ್ಸಿನ ಸ್ಥಿತಿಯೂ ಹಾಗೆಯೇ ಅಲ್ಲವೇ?

ನೆಗಡಿಯಾದಾಗ ಕೊಳವೆಯ ಒಳಪದರ ಮತ್ತು ಮೂಗಿನ ಹಿಂದಿರುವ ಅದರ ಬಾಯಿ ಊದಿಕೊಳ್ಳುತ್ತವೆ. ನುಂಗಿದರೂ ಬಾಗಿಲು ತೆರೆಯುವುದಿಲ್ಲ. ಒಳಗಿನ ಗಾಳಿಯನ್ನು ಸುತ್ತಲ ಪದರ ಹೀರಿಕೊಳ್ಳುತ್ತಾ ಹೋಗುತ್ತದೆ, ತಮಟೆ ಒಳಕ್ಕೆ ಎಳೆಯಲ್ಪಡುತ್ತದೆ. ಮನೆಯಲ್ಲೇ ಇದ್ದರೂ ಕಿವಿಗೆ ಹತ್ತಿ ತುರುಕಿದಂತೆ ಅನಿಸುವುದು ಇದರಿಂದ. ಹಾಗಾಗಿ ಜೋರು ನೆಗಡಿಯಿದ್ದಾಗ ಪ್ರಯಾಣ ಮುಂದೂಡಲು ಸಾಧ್ಯವಾದರೆ ಮುಂದೂಡುವುದೇ ಒಳ್ಳೆಯದು.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ವಿಮಾನ ಇಳಿಯತೊಡಗಿದ ಕೂಡಲೇ, ನೋವು ಶುರುವಾಗುವ ಮೊದಲೇ, ಎಚ್ಚರವಾಗಿದ್ದು ನುಂಗುತ್ತಿರಬೇಕು. ಪೆಪ್ಪರಮೆಂಟು, ಗುಟುಕು ನೀರು, ಆಕಳಿಕೆ ಎಲ್ಲವೂ ಅದೇ ಸ್ನಾಯುಗಳಿಗೆ ಕೆಲಸ ಕೊಡುತ್ತವೆ. ಹಸುಗೂಸುಗಳಿಗೆ ಆಗ ಹಾಲು ಕುಡಿಸಿದರೆ ಸಾಕು. ಅದರಿಂದ ಬಿಡದಿದ್ದರೆ ಟಾಯ್ನ್‌ಬೀಯಂತೆ ಮೂಗು ಹಿಡಿದು ನುಂಗಿ, ಆಮೇಲೆ ವಲ್ಸಾಲ್ವಾನಂತೆ ಮೆತ್ತಗೆ ಊದಿ. ಮೆತ್ತಗೆ ಎಂಬುದು ಮುಖ್ಯ. ಬೀಗ ಬಿದ್ದ ಮೇಲೆ ಮುಖ ಕೆಂಪಾಗುವಂತೆ ಊದಿದರೆ ಒಳಗಿವಿಯ ಸೂಕ್ಷ್ಮ ಪರದೆಗೆ ಪೆಟ್ಟಾಗುವ ಅಪಾಯವಿದೆ. ನೆಗಡಿಯಲ್ಲಿ ಊದಿದರೆ ಸಿಂಬಳವೂ ಕಿವಿಯ ಕೋಣೆ ಸೇರಬಹುದು. ಹಾರಲೇಬೇಕಾದರೆ ಮೂಗು ಬಿಡಿಸುವ ಸ್ಪ್ರೇಯನ್ನು ಇಳಿಯುವುದಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಹಾಕಿಕೊಳ್ಳುವುದುಂಟು. ಬಿಪಿ ಇರುವ ನನ್ನ ವಯಸ್ಸಿನವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಿ, ದಿನಗಟ್ಟಲೆ ಮುಂದುವರಿಸಬೇಡಿ, ಮೂಗು ಇನ್ನಷ್ಟು ಕಟ್ಟುತ್ತದೆ.

ಇಳಿದ ಮೇಲೆ ಕೆಲವು ಗಂಟೆ, ಒಂದೆರಡು ದಿನ ಮಂಕಾಗಿ ಕೇಳಿಸಿದರೆ ಹೆದರಬೇಕಿಲ್ಲ. ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತಲೆ ಸುತ್ತಿದರೆ, ಒಮ್ಮೆಲೇ ಕಿವುಡಾದರೆ ಅಂದೇ ಕಿವಿ ವೈದ್ಯರ ಬಳಿ ಹೋಗಿ. ನೆಗಡಿ ಹೋಗಿ ವಾರಗಳಾದರೂ ಒಂದೇ ಕಿವಿ ಕಟ್ಟಿಕೊಂಡೇ ಇದ್ದರೂ ತೋರಿಸಲೇಬೇಕು. ಕೊಳವೆಯ ಬಾಯಿಗೆ ಬೇರೇನಾದರೂ ಅಡ್ಡ ಬಂದಿದೆಯೇ ಎಂದು ಅವರು ಮೂಗಿನ ಹಿಂಭಾಗವನ್ನು ನೋಡುತ್ತಾರೆ.